ಅಂಗಳದಲ್ಲಿ ನಿಧಾನ ನಡೆದರೆ ಓಲಾಡುತ್ತದೆ, ಗಂಜಿ ಬಟ್ಟಲು ಖಾಲಿಯಾದದ್ದೇ ಗೊತ್ತಾಗುವುದಿಲ್ಲ. ತಪ್ಪುವುದು ಎಲ್ಲಿ?

ಪೆರ್ಲದವ
ಎಲ್ಲರಿಗೂ ನಮಸ್ಕಾರ. ಕೂತು ಧ್ಯಾನ ಮಾಡಲು ಪುರುಸೊತ್ತಿಲ್ಲದವರು ನಡಿಗೆಯನ್ನೂ ಊಟವನ್ನೂ ಅಭ್ಯಾಸಕ್ಕೆ ಬಳಸಿಕೊಳ್ಳಬಹುದು ಅಂತ ಇಲ್ಲಿ ಹಿಂದೆ ಚರ್ಚೆ ಆಗಿತ್ತು. ಹೇಗೂ ನಡೆಯುತ್ತೇವೆ, ಹೇಗೂ ಉಣ್ಣುತ್ತೇವೆ, ಹಾಗಾಗಿ ಸುಲಭ ಅಂತ ಕಾಣುತ್ತದೆ. ಆದರೆ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ವಿಡಿಯೊಗಳಲ್ಲಿ ತೋರಿಸುವ ಹಾಗೆ ತೀರಾ ನಿಧಾನ ಹೆಜ್ಜೆ ಇಟ್ಟರೆ ದೇಹ ಓಲಾಡುತ್ತದೆ. ಬೀಳದ ಹಾಗೆ ನೋಡಿಕೊಳ್ಳುವುದೇ ಕೆಲಸ ಆಗುತ್ತದೆ, ಅರಿವೆಲ್ಲಿ ಬಂತು? ಎರಡು, ಊಟ. ನಮ್ಮಲ್ಲಿ ರಾತ್ರಿ ಕುಚ್ಚಿಲಕ್ಕಿ ಗಂಜಿ. ಮೊದಲ ಚಮಚ ನೆನಪಿರುತ್ತದೆ, ಆಮೇಲೆ ನೆನಪಾಗುವುದು ಬಟ್ಟಲಿನ ತಳ. ಟಿವಿ ಹಾಕಿಲ್ಲ, ಫೋನು ಪಕ್ಕದಲ್ಲಿಲ್ಲ, ಆದರೂ ಹೀಗೆ.

ತಿಳಿದವರು ಹೇಳಿ. "ಮನಸ್ಸಿಟ್ಟು ಮಾಡಿ" ಅನ್ನುವ ಉಪದೇಶ ಬೇಡ, ಕಾಲು ಎಲ್ಲಿ ಇಡಬೇಕು, ಕೈ ಏನು ಮಾಡಬೇಕು ಅಂತ ಹೇಳಿದರೆ ಸಾಕು.

ಉಪ್ಪಳ ಬಸ್ಸು
ಕಾಸರಗೋಡು–ಮಂಗಳೂರು ಬಸ್ಸಲ್ಲಿ ನಿಂತು ಅಭ್ಯಾಸ ಮಾಡಿ ಮಾರಾಯ್ರೆ, ಓಲಾಟ ತನ್ನಿಂತಾನೇ ಸರಿಯಾಗುತ್ತದೆ 😀

ಕುಂಬಳೆ ಮಾಷ್ಟ್ರು
ಊಟದ ವಿಷಯಕ್ಕೆ ಉತ್ತರ ಸರಳ. ಪ್ರತಿ ತುತ್ತನ್ನೂ 32 ಸಲ ಅಗಿಯಬೇಕು, ಹಲ್ಲಿಗೆ ಒಂದರಂತೆ. ಇದನ್ನು ಬುದ್ಧನೇ ಹೇಳಿದ್ದಾನೆ. ಎಣಿಸುತ್ತಾ ಹೋದರೆ ಮನಸ್ಸು ಬೇರೆಡೆ ಹೋಗಲು ಜಾಗವೇ ಇರುವುದಿಲ್ಲ. ನಡಿಗೆಗೆ ಸಂಬಂಧಿಸಿ ಹೇಳುವುದಾದರೆ, ಊಟವಾದ ಮೇಲೆ ನೂರು ಹೆಜ್ಜೆ ಎಂಬುದು ಹಿರಿಯರ ಮಾತು. ಎರಡೂ ಸೇರಿದರೆ ಅದೇ ಧ್ಯಾನ.

ಚಂಕಮ
ಮಾಷ್ಟ್ರೇ, 32ರ ಲೆಕ್ಕವನ್ನು ಬುದ್ಧನ ತಲೆಗೆ ಕಟ್ಟುವುದು ಬೇಡ. ಅಗಿಯುವುದನ್ನೇ ಒಂದು ಚಳವಳಿ ಮಾಡಿದವರು ಅಮೆರಿಕದ ಹೊರೇಸ್ ಫ್ಲೆಚರ್, ನೂರು ವರ್ಷದ ಹಿಂದಿನವರು. ಅರಿವಿನ ಅಭ್ಯಾಸದ ಬಗ್ಗೆ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ತಿನ್ನುವಾಗ, ಕುಡಿಯುವಾಗ, ಅಗಿಯುವಾಗ, ರುಚಿ ನೋಡುವಾಗ ತಿಳಿದು ಮಾಡಬೇಕು ಅಂತ ಇದೆ. ಲೆಕ್ಕ ಇಲ್ಲ. ಎಣಿಕೆಯ ತೊಂದರೆ ಏನೆಂದರೆ ಗಮನ ಬಾಯಲ್ಲಿ ಇರುವುದಿಲ್ಲ, ಸಂಖ್ಯೆಯಲ್ಲಿ ಇರುತ್ತದೆ. ಜೊತೆಗೆ ಗಂಜಿಯನ್ನು 32 ಸಲ ಅಗಿಯುವುದು ಎಂತ ಅಂತ? ಹತ್ತು ಸಲಕ್ಕೆ ಬಾಯಲ್ಲಿ ಏನೂ ಉಳಿದಿರುವುದಿಲ್ಲ.

ಪೆರ್ಲದವರೇ, ನಿಮ್ಮ ಎರಡು ಪ್ರಶ್ನೆಗಳ ಬೇರು ಒಂದೇ. ಮೊದಲು ನಡಿಗೆ ಹೇಳುತ್ತೇನೆ.

ನಿಧಾನ ಎಂಬುದು ಗುರಿಯಲ್ಲ. ಬರ್ಮಾದ ಮಹಾಸಿ ಸಯಾಡೋ ಪದ್ಧತಿಯಲ್ಲಿ ನಿಧಾನ ಉಂಟು. ಜಪಾನಿನ ಸೋಟೋ ಝೆನ್‌ನಲ್ಲಿ ಒಂದು ಉಸಿರಿಗೆ ಅರ್ಧ ಹೆಜ್ಜೆ. ಅದೇ ಝೆನ್‌ನ ಇನ್ನೊಂದು ಪಂಥ ರಿಂಝಾಯ್‌ನವರು ಚುರುಕಾಗಿ ನಡೆಯುತ್ತಾರೆ. ವಿಯೆಟ್ನಾಂನ ಥಿಚ್ ನ್ಯಾಟ್ ಹಾನ್ ಮಾಮೂಲು ನಡಿಗೆಯಲ್ಲೇ, ಒಳಗೆ ತೆಗೆಯುವ ಉಸಿರಿಗೆ ಇಷ್ಟು ಹೆಜ್ಜೆ, ಬಿಡುವ ಉಸಿರಿಗೆ ಇಷ್ಟು ಹೆಜ್ಜೆ ಎಂದು ಹೊಂದಿಸಿಕೊಳ್ಳಲು ಹೇಳಿದರು. ಎಲ್ಲರ ವೇಗವೂ ಬೇರೆ, ಕೆಲಸ ಒಂದೇ.

ಮನೆಗೆ ಸರಿಹೊಂದುವ ಕ್ರಮ ಇದು. ಇಪ್ಪತ್ತರಿಂದ ಮೂವತ್ತು ಹೆಜ್ಜೆಯಷ್ಟು ನೇರ ದಾರಿ ಇರಲಿ. ಅದಕ್ಕಿಂತ ಉದ್ದವಾದರೆ ಮನಸ್ಸು ಅಲೆಯುತ್ತದೆ, ಏಳೆಂಟು ಹೆಜ್ಜೆಗೆ ಇಳಿದರೆ ಬರೀ ತಿರುಗುವುದೇ ಆಗುತ್ತದೆ. ಕೈಗಳನ್ನು ಮುಂದೆಯೋ ಹಿಂದೆಯೋ ಕಟ್ಟಿಕೊಳ್ಳಿ, ಮತ್ತೆ ಮತ್ತೆ ಬದಲಿಸಬೇಡಿ. ದೃಷ್ಟಿ ಎರಡು ಮೀಟರು ಮುಂದಿನ ನೆಲದಲ್ಲಿರಲಿ. ಮೊದಲ ಐದು ನಿಮಿಷ ದಿನವೂ ನಡೆಯುವ ವೇಗದಲ್ಲೇ ನಡೆಯಿರಿ, ಎಡಗಾಲು ನೆಲಕ್ಕೆ ತಾಗುವಾಗ ಮನಸ್ಸಿನಲ್ಲಿ "ಎಡ", ಬಲಗಾಲು ತಾಗುವಾಗ "ಬಲ". ಆ ಮಾತು ಸಣ್ಣಗೆ ಇರಲಿ, ಗಮನದ ಹೆಚ್ಚಿನ ಪಾಲು ಅಂಗಾಲಿನ ಒತ್ತು, ತಂಪು, ಒರಟುತನದಲ್ಲಿ. ಅದು ಹಿಡಿತಕ್ಕೆ ಬಂದ ಮೇಲೆ ವೇಗ ಸ್ವಲ್ಪ ಇಳಿಸಿ "ಎತ್ತು, ಇಡು". ಅಲ್ಲಿಯೂ ಸ್ಥಿರ ಇದ್ದರೆ ಮಾತ್ರ "ಎತ್ತು, ಮುಂದೆ, ಇಡು". ನೀವು ಮೊದಲ ದಿನವೇ ಮೂರನೆಯದಕ್ಕೆ ಹಾರಿದ್ದೀರಿ ಅಂತ ಕಾಣುತ್ತದೆ.

ಇನ್ನು ಮುಖ್ಯ ಜಾಗ ದಾರಿಯ ತುದಿ. ಹೊಸಬರ ಅರಿವು ಹೆಚ್ಚಾಗಿ ಜಾರುವುದು ನಡುದಾರಿಯಲ್ಲಲ್ಲ, ತಿರುವಿನಲ್ಲಿ. ತುದಿ ಬಂತು, ಒಂದು ಸುತ್ತು ಮುಗಿಯಿತು ಅಂತ ಮನಸ್ಸು ಕೆಲಸ ಬಿಡುತ್ತದೆ, ದೇಹ ತಾನಾಗಿ ತಿರುಗಿರುತ್ತದೆ. ಆದ್ದರಿಂದ ತುದಿಯಲ್ಲಿ ನಿಲ್ಲಿ. ಎರಡೂ ಪಾದಕ್ಕೆ ಭಾರ ಸಮ ಬಿದ್ದಿದೆಯೇ ನೋಡಿ, ಎರಡು ಮೂರು ಉಸಿರು ಹೋಗಲಿ. ತಿರುಗಬೇಕು ಎಂಬ ಬಯಕೆ ಎದ್ದದ್ದನ್ನು ಗಮನಿಸಿ, ಆಮೇಲೆ ತಿರುಗಿ. ತಿರುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲು ಎತ್ತಿದ್ದು ಯಾವ ಕಾಲು? ಗೊತ್ತಿಲ್ಲವಾದರೆ ತಿರುವು ನಿಮ್ಮ ಕೈತಪ್ಪಿತ್ತು ಅಂತ ಅರ್ಥ.

ಹತ್ತುಸಾವಿರ
ಅಣ್ಣ ಇದು ದಿನದ ಹತ್ತು ಸಾವಿರ ಹೆಜ್ಜೆಯಲ್ಲಿ ಲೆಕ್ಕಕ್ಕೆ ಬರ್ತದಾ? ವಾಚು ಇಷ್ಟು ನಿಧಾನ ಹೆಜ್ಜೆ ಹಿಡಿಯುವುದೇ ಇಲ್ಲ. ಮತ್ತೆ ಅರ್ಧ ಗಂಟೆಗೆ ಎಷ್ಟು ಕ್ಯಾಲರಿ ಹೋಗಬಹುದು?

ಚಂಕಮ
ವಾಚು ತೆಗೆದಿಡಿ, ಆಗ ಬರ್ತದೆ.

ಬದಿಯಡ್ಕ ಫಿಸಿಯೋ
ಓಲಾಟದ ಬಗ್ಗೆ ನನ್ನ ಕಡೆಯಿಂದ. ಮಾಮೂಲು ನಡಿಗೆಯಲ್ಲಿ ದೇಹದ ಮುಂದೊತ್ತೇ ನಮ್ಮನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಒಂದೇ ಕಾಲ ಮೇಲೆ ನಿಲ್ಲುವ ಹೊತ್ತು ಅರ್ಧ ಸೆಕೆಂಡಿಗಿಂತ ಕಡಿಮೆ. ನಿಧಾನ ಮಾಡಿದರೆ ಆ ಒತ್ತು ಇಲ್ಲ, ಒಂಟಿ ಕಾಲಿನ ಹೊತ್ತು ಎರಡು ಮೂರು ಸೆಕೆಂಡಿಗೆ ಹೋಗುತ್ತದೆ. ಅಂದರೆ ಪ್ರತಿ ಹೆಜ್ಜೆಯೂ ಒಂಟಿ ಕಾಲಿನಲ್ಲಿ ನಿಲ್ಲುವ ಪರೀಕ್ಷೆ. ಓಲಾಡದಿದ್ದರೆ ಆಶ್ಚರ್ಯ.

ಸರಿ ಮಾಡುವುದು ಹೀಗೆ. ಹೆಜ್ಜೆ ಗಿಡ್ಡ ಮಾಡಿ, ಮುಂದಿನ ಹಿಮ್ಮಡಿ ಹಿಂದಿನ ಪಾದದ ಹೆಬ್ಬೆರಳಿಗಿಂತ ಸ್ವಲ್ಪವೇ ಮುಂದೆ ಬೀಳಲಿ. ಎರಡೂ ಪಾದ ಒಂದೇ ಗೆರೆಯ ಮೇಲೆ ಬೇಡ, ಸೊಂಟದಷ್ಟು ಅಗಲ ಬಿಟ್ಟು ಇಡಿ. ಹೆಚ್ಚಿನವರು ನಿಧಾನ ಮಾಡಿದ ಕೂಡಲೇ ಗೊತ್ತಿಲ್ಲದೆ ಹಗ್ಗದ ಮೇಲೆ ನಡೆಯುವ ಹಾಗೆ ಪಾದಗಳನ್ನು ಒಂದೇ ಸಾಲಿಗೆ ತರುತ್ತಾರೆ. ಮುಂದಿನ ಪಾದ ಪೂರ್ತಿ ನೆಲಕ್ಕೆ ಕೂತ ಮೇಲೆಯೇ ಭಾರ ದಾಟಿಸಿ, ಆಮೇಲೆ ಹಿಂದಿನ ಹಿಮ್ಮಡಿ ಏಳಲಿ. ಪಾದವನ್ನೇ ನೋಡುತ್ತಾ ನಡೆಯಬೇಡಿ. ಕುತ್ತಿಗೆ ಬಗ್ಗಿದರೆ ತಲೆಯ ಭಾರ ಮುಂದಕ್ಕೆ ಬರುತ್ತದೆ, ಸಮತೋಲ ಇನ್ನೂ ಕೆಡುತ್ತದೆ.

ಕಾಲಬೆರಳು ಮುದುಡಿ ನೆಲ ಕಚ್ಚುತ್ತಿದೆಯೇ, ದವಡೆ ಬಿಗಿದಿದೆಯೇ, ಮೀನಖಂಡ ನೋಯುತ್ತಿದೆಯೇ ಅಂತ ನಡುನಡುವೆ ನೋಡಿಕೊಳ್ಳಿ. ಮೂರರಲ್ಲಿ ಒಂದು ಇದ್ದರೂ ವೇಗ ತೀರಾ ಕಡಿಮೆಯಾಗಿದೆ, ಸ್ವಲ್ಪ ಏರಿಸಿ. ವಯಸ್ಸಾದವರು ಗೋಡೆ ಅಥವಾ ಜಗಲಿಯ ಕುಳ್ಳು ಗೋಡೆಯ ಪಕ್ಕ ನಡೆಯಲಿ, ಒಂದು ಬೆರಳು ತಾಗಿಸಿಕೊಂಡರೆ ಸಾಕು. ಆಧಾರಕ್ಕಿಂತ ಹೆಚ್ಚಾಗಿ ಅದು ಮೆದುಳಿಗೆ "ಗೋಡೆ ಇಲ್ಲಿದೆ" ಎಂಬ ಸುದ್ದಿ ಕೊಡುತ್ತದೆ, ಓಲಾಟ ಅಷ್ಟಕ್ಕೇ ಇಳಿಯುತ್ತದೆ.

ತಿರುವಿನಲ್ಲಿ ಒಂದೇ ಕಾಲ ಮೇಲೆ ಗಿರ್ರನೆ ತಿರುಗಬೇಡಿ. ನಾಲ್ಕು ಸಣ್ಣ ಹೆಜ್ಜೆಯಲ್ಲಿ ತಿರುಗಿ. ಚಂಕಮ ಅಣ್ಣ ಹೇಳಿದ ಗಮನಕ್ಕೂ ಅದು ಒಳ್ಳೆಯದು, ಮೊಣಕಾಲಿಗೂ ಒಳ್ಳೆಯದು.

ಮಂಜೇಶ್ವರ ವಿಚಾರಿ
ಒಂದು ಸಂಶಯ. ಅರಿವಿನಿಂದ ನಡೆಯುವುದು ಅಂತ ಹೇಳಿ ನಡಿಗೆಯನ್ನು ಹಿಡಿದು ನಡೆಸುತ್ತಿದ್ದೀರಿ. ನಡಿಗೆ ಸ್ವಯಂಚಾಲಿತ ಆಗಿರುವುದೇ ಅದರ ಗುಣ. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆ ಯೋಚಿಸಿ ನೋಡಿ, ಎಡವುತ್ತೀರಿ. ಕೆಡಿಸಿದ್ದನ್ನು ಸರಿಮಾಡಲು ಫಿಸಿಯೋ ಬೇಕಾಯಿತು.

ಬದಿಯಡ್ಕ ಫಿಸಿಯೋ
ಮಾತು ಅರ್ಧ ಒಪ್ಪುತ್ತೇನೆ. ಕಾಲನ್ನು ಹೇಗೆ ಆಡಿಸಬೇಕು ಅಂತ ಯೋಚಿಸಿದರೆ ನಡಿಗೆ ಕೆಡುತ್ತದೆ. ಆದರೆ ಕಾಲು ತಾಗಿದ್ದನ್ನು ತಿಳಿಯುವುದು ಬೇರೆ. ಅದಕ್ಕೇ ಮಾಮೂಲು ವೇಗದಿಂದ ಶುರು ಮಾಡಬೇಕು, ಅಲ್ಲಿ ಕಾಲನ್ನು ನಡೆಸುವ ಕೆಲಸ ದೇಹದ್ದು, ನೋಡುವ ಕೆಲಸ ಮಾತ್ರ ನಮ್ಮದು. ಮೆಟ್ಟಿಲಲ್ಲಿ ಈ ಅಭ್ಯಾಸ ಬೇಡವೇ ಬೇಡ.

ಮಂಜೇಶ್ವರ ವಿಚಾರಿ
ಹಾಗಾದರೆ "ಎತ್ತು, ಮುಂದೆ, ಇಡು" ಅನ್ನುವುದು ಆಜ್ಞೆಯೋ ವರದಿಯೋ? ನನಗೆ ಆಜ್ಞೆಯ ಹಾಗೆ ಕೇಳಿಸುತ್ತದೆ.

ಚಂಕಮ
ವರದಿ ಆಗಬೇಕು. ಮಾತು ಮೊದಲು, ಕಾಲು ಆಮೇಲೆ ಬಂದರೆ ಆಜ್ಞೆ ಆಗಿದೆ ಅಂತ. ಆಗ ಮಾತು ಬಿಟ್ಟು ಬರೀ ಸ್ಪರ್ಶ ಹಿಡಿದುಕೊಳ್ಳಿ. ಕೆಲವು ಗುರುಗಳು ಮಾತನ್ನು ಒಪ್ಪುವುದೇ ಇಲ್ಲ, ಕೆಲವರು ಮಾತಿಲ್ಲದೆ ಆಗುವುದಿಲ್ಲ ಅನ್ನುತ್ತಾರೆ. ಇದು ಹಳೆಯ ಜಗಳ.

ನೀರ್ಚಾಲು ಸಕ್ಕರೆ
ನನಗೆ ಸಕ್ಕರೆ ಕಾಯಿಲೆ ಇದೆ, ಅಂಗಾಲು ಜೋಮು. ಬರಿಗಾಲಲ್ಲಿ ನಡೆದರೆ ನೆಲ ತಾಗಿದ್ದೇ ಸರಿಯಾಗಿ ಗೊತ್ತಾಗುವುದಿಲ್ಲ. ಧ್ಯಾನದಿಂದ ಆ ಸ್ಪರ್ಶ ವಾಪಸು ಬರುತ್ತದಾ?

ಬದಿಯಡ್ಕ ಫಿಸಿಯೋ
ಅದಕ್ಕಾಗಿ ಇದನ್ನು ಮಾಡಬೇಡಿ, ಮತ್ತೆ ದಯವಿಟ್ಟು ಬರಿಗಾಲು ಬೇಡ. ಜೋಮು ಇರುವ ಪಾದಕ್ಕೆ ಮುರಕಲ್ಲಿನ ಚೂರು ಹೊಕ್ಕರೂ, ಮಧ್ಯಾಹ್ನದ ಅಂಗಳ ಸುಟ್ಟರೂ ಗೊತ್ತಾಗುವುದಿಲ್ಲ. ಆ ಗಾಯ ಮಾಗದೆ ದೊಡ್ಡದಾಗುವುದೇ ದೊಡ್ಡ ಅಪಾಯ. ಒಳಗೂ ಹೊರಗೂ ಹಿಂಬದಿ ಪಟ್ಟಿ ಇರುವ ಮೆತ್ತಗಿನ ಚಪ್ಪಲಿ ಹಾಕಿ. ಹಾಕುವ ಮೊದಲು ಒಳಗೆ ಕಲ್ಲು ಇಲ್ಲ ಅಂತ ಕೈಯಿಂದ ನೋಡಿ, ನಡೆದು ಬಂದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಗಮನ ಅಂಗಾಲಿನಲ್ಲೇ ಇರಬೇಕೆಂದಿಲ್ಲ. ಮೊಣಕಾಲು ಮಡಚುವುದು, ತೊಡೆ ಮುಂದೆ ಬರುವುದು, ಸೊಂಟ ಒಂದು ಬದಿಗೆ ಭಾರ ತೆಗೆದುಕೊಳ್ಳುವುದು, ಇವು ಸ್ಪಷ್ಟವಾಗಿ ತಿಳಿಯುತ್ತವೆ. ಅಲ್ಲಿ ಇಡಿ. ಜೋಮಿನ ವಿಷಯ ಡಾಕ್ಟರಿಗೆ ಹೇಳಿದ್ದೀರಿ ತಾನೆ?

ನೀರ್ಚಾಲು ಸಕ್ಕರೆ
ಹೇಳಿದ್ದೇನೆ ಅಕ್ಕ. ಸೊಂಟದ ವಿಷಯ ಯಾರೂ ಹೇಳಿರಲಿಲ್ಲ.

ಕುಂಬಳೆ ಮಾಷ್ಟ್ರು
ಬುದ್ಧನ ವಿಷಯದಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಡೆದರೆ ಅನ್ನ ಚೆನ್ನಾಗಿ ಜೀರ್ಣವಾಗುತ್ತದೆ ಅಂತ ಅವನು ಹೇಳಿದ್ದಾನೆ ತಾನೆ? ಗೋಯೆಂಕಾ ಅವರ ಹತ್ತು ದಿನದ ವಿಪಶ್ಯನ ಶಿಬಿರದಲ್ಲಿಯೂ ಚಂಕ್ರಮಣ, ಅಂದರೆ ನಡಿಗೆಯ ಧ್ಯಾನ, ಕಲಿಸುತ್ತಾರೆ.

ಚಂಕಮ
ಮೊದಲನೆಯದು ಸರಿ ಮಾಷ್ಟ್ರೇ. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಚಂಕಮದ, ಅಂದರೆ ಅದೇ ಚಂಕ್ರಮಣದ, ಐದು ಲಾಭ ಹೇಳಿದೆ: ದೂರ ನಡೆಯುವ ತ್ರಾಣ, ಸಾಧನೆಯ ತ್ರಾಣ, ಕಡಿಮೆ ಕಾಯಿಲೆ, ತಿಂದದ್ದು ಅರಗುವುದು, ನಡಿಗೆಯಲ್ಲಿ ಗಳಿಸಿದ ಏಕಾಗ್ರತೆ ಬಹಳ ಹೊತ್ತು ಉಳಿಯುವುದು. ಕೊನೆಯದೇ ಈ ಚರ್ಚೆಗೆ ಬೇಕಾದ್ದು. ಕಣ್ಣು ತೆರೆದಿದೆ, ದೇಹ ಆಡುತ್ತಿದೆ, ಆದರೂ ನಿಂತ ಗಮನ ಅದು. ಹಾಗಾಗಿ ಎದ್ದು ಕೆಲಸಕ್ಕೆ ಹೋದಾಗ ಬೇಗ ಒಡೆಯುವುದಿಲ್ಲ. ಬುದ್ಧಗಯೆಯಲ್ಲಿ ಮಹಾಬೋಧಿ ಗುಡಿಯ ಉತ್ತರ ಬದಿಗೆ ಚಂಕಮಣದ ಕಟ್ಟೆಯೇ ಉಂಟು, ಮೇಲೆ ಕಲ್ಲಿನ ಕಮಲಗಳು.

ಎರಡನೆಯದು ಸರಿಯಲ್ಲ. ಗೋಯೆಂಕಾ ಶಿಬಿರದಲ್ಲಿ ನಡಿಗೆ ಕಾಲು ಸಡಿಲಿಸಲು, ವಿರಾಮದಲ್ಲಿ. ನಡಿಗೆಯನ್ನೇ ಪಾಠವಾಗಿ ಕೂರುವುದರ ಸರದಿಯಲ್ಲಿ ಇಟ್ಟದ್ದು ಮಹಾಸಿ ಪದ್ಧತಿ, ಒಂದು ಗಂಟೆ ಕೂರು, ಒಂದು ಗಂಟೆ ನಡೆ ಅಂತ.

ಉಪ್ಪಳ ಬಸ್ಸು
ನೂರು ಹೆಜ್ಜೆ ಮಾಷ್ಟ್ರು ಇನ್ನೂ ತೊಂಬತ್ತರಲ್ಲಿದ್ದಾರೆ, ಬಿಡಿ.

ಮುಳ್ಳೇರಿಯಾ ಅಕ್ಕ
ಎಲ್ಲರೂ ಕಾಲಲ್ಲೇ ನಿಂತುಬಿಟ್ಟಿರಿ, ಗಂಜಿ ಯಾರು ನೋಡುವುದು? ಅಲ್ಲಿ ಬಟ್ಟಲು ಖಾಲಿಯಾಗಿ ಆಯಿತು.

ಚಂಕಮ
ಬರ್ತೇನೆ ಅಕ್ಕ. ನಡಿಗೆಯಲ್ಲಿ ತಿರುವು ಇದ್ದ ಹಾಗೆ ಊಟದಲ್ಲಿ ಎರಡು ತುತ್ತಿನ ನಡುವಿನ ಜಾಗ. ಯಾರದೇ ಕೈ ನೋಡಿ. ಬಾಯಲ್ಲಿ ಅನ್ನ ಇರುವಾಗಲೇ ಬೆರಳು ಮುಂದಿನ ತುತ್ತು ಕಲಸುತ್ತಿರುತ್ತದೆ, ಚಮಚ ಆಗಲೇ ಬಟ್ಟಲಲ್ಲಿ ಮುಳುಗಿರುತ್ತದೆ. ಬಾಯಿಯದ್ದು ಮುಗಿಯುವ ಮೊದಲೇ ಮನಸ್ಸು ಮುಂದಿನದಕ್ಕೆ ಹೋಯಿತು. ನುಂಗುವುದು ಯಾರೂ ಇಲ್ಲದ ಮನೆಯಲ್ಲಿ ನಡೆಯುತ್ತದೆ. ಟಿವಿ ಆರಿಸಿದರೂ ಪೆರ್ಲದವರಿಗೆ ತಳ ಕಂಡದ್ದು ಇದಕ್ಕೇ.

ಗಂಜಿಯಲ್ಲಿ ಇದು ಇನ್ನೂ ಕಷ್ಟ. ತಿಳಿ ನೇರ ಜಾರುತ್ತದೆ, ಅಗುಳೂ ಅದರ ಜೊತೆಗೆ ಹೋಗುತ್ತದೆ. ಕುಚ್ಚಿಲಕ್ಕಿ ಅಗಿಯಲು ಒಳ್ಳೆಯ ಅಕ್ಕಿ, ಬೆಳ್ತಿಗೆ ಅನ್ನದ ಹಾಗೆ ಬಾಯಲ್ಲಿ ಕರಗುವುದಿಲ್ಲ, ಆದರೆ ತಿಳಿಯೊಟ್ಟಿಗೆ ಬಂದಾಗ ಹಲ್ಲಿಗೆ ಸಿಕ್ಕುವುದೇ ಇಲ್ಲ. ಹಾಗಾಗಿ ಎರಡನ್ನೂ ಬೇರೆ ಮಾಡಿ. ಮೊದಲು ತಿಳಿ ನಾಲ್ಕೈದು ಗುಟುಕು ಕುಡಿಯಿರಿ, ಬಿಸಿ ಗಂಟಲಿನಿಂದ ಎದೆಯವರೆಗೆ ಎಲ್ಲಿಯ ತನಕ ತಿಳಿಯುತ್ತದೆ ಅಂತ ನೋಡಿ. ಆಮೇಲೆ ಅಗುಳನ್ನು ಚಮಚದ ಅರ್ಧದಷ್ಟೇ ತೆಗೆದುಕೊಳ್ಳಿ. ಬಾಯಿಗೆ ಹೋದ ಕೂಡಲೇ ಚಮಚ ಬಟ್ಟಲ ಪಕ್ಕ ನೆಲಕ್ಕೆ ಇಡಿ. ಕೈಯಲ್ಲಿ ಹಿಡಿದುಕೊಂಡರೆ ಸಾಲದು, ಕೈ ಬಿಟ್ಟಿರಬೇಕು. ಅಗಿಯಿರಿ, ನುಂಗಿ, ನಾಲಗೆ ಹಲ್ಲಿನ ಸುತ್ತ ಒಂದು ಸುತ್ತು ಹೋಗಿ ಉಳಿದದ್ದು ಇಲ್ಲ ಅಂತ ಆದ ಮೇಲೆ ಚಮಚಕ್ಕೆ ಕೈ ಹಾಕಿ.

ಪರೀಕ್ಷೆ ಇಲ್ಲಿಯೂ ಅದೇ ಬಗೆಯದು. ಕೈ ಏಳುವಾಗ ಬಾಯಲ್ಲಿ ಏನಾದರೂ ಇದೆಯೇ? ಇದ್ದರೆ ಆ ತುತ್ತು ತಪ್ಪಿತು. ಬೈದುಕೊಳ್ಳುವುದು ಬೇಡ, ಕೈ ಕೆಳಗಿಳಿಸಿ ನುಂಗಿ ಮುಗಿಸಿ.

ಮುಳ್ಳೇರಿಯಾ ಅಕ್ಕ
ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿದ ಚಮಚದಲ್ಲಿ ಗಂಜಿ ಉಂಡವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಅದರಲ್ಲಿ ಹಿಡಿಯುವುದೇ ಕಡಿಮೆ, ತುಂಬ ಬಿಸಿ ಇದ್ದರೆ ಎಲೆ ತುಟಿಗೆ ತಾಗುವಾಗಲೇ ಹೇಳಿಬಿಡುತ್ತದೆ. ಸ್ಟೀಲಿನ ದೊಡ್ಡ ಚಮಚ ಬಂದ ಮೇಲೆಯೇ ಈ ಓಟ.

ಪೆರ್ಲದವ
ಅಕ್ಕ ಹೇಳಿದ ಎಲೆ ಚಮಚ ಒಳ್ಳೆಯದಾಯಿತು, ಮನೆ ಹಿಂದೆಯೇ ಮರ ಉಂಟು. ಚಂಕಮ ಅಣ್ಣ, ಇನ್ನೊಂದು. "ಸಾಕು" ಅನ್ನುವುದು ಗೊತ್ತಾಗುವುದು ಯಾವಾಗ? ನನಗೆ ಗೊತ್ತಾಗುವಾಗ ಸಾಕಿಗಿಂತ ಎರಡು ಸೌಟು ಹೆಚ್ಚಾಗಿರುತ್ತದೆ.

ಚಂಕಮ
ಹೊಟ್ಟೆ, ಕರುಳಿನಿಂದ ಸಾಕು ಎಂಬ ಸುದ್ದಿ ಮೆದುಳಿನಲ್ಲಿ ಸರಿಯಾಗಿ ಕೂರಲು ಹದಿನೈದಿಪ್ಪತ್ತು ನಿಮಿಷ ಬೇಕು. ಗಂಜಿ ಊಟ ಆರು ನಿಮಿಷಕ್ಕೆ ಮುಗಿದರೆ ಸುದ್ದಿ ಬರುವಾಗ ನೀವು ಬಟ್ಟಲು ತೊಳೆಯುತ್ತಿರುತ್ತೀರಿ.

ಆದರೆ ಅದಕ್ಕೂ ಮೊದಲು ಬರುವ ಒಂದು ಗುರುತು ಉಂಟು: ರುಚಿ ಇಳಿಯುವುದು. ಮೊದಲ ನಾಲ್ಕು ಚಮಚದ ಗಂಜಿಗೆ ಇರುವ ರುಚಿ ಹತ್ತನೆಯದಕ್ಕೆ ಇರುವುದಿಲ್ಲ. ಒಂದೇ ಪದಾರ್ಥ ತಿನ್ನುತ್ತಾ ಹೋದರೆ ಅದರ ರುಚಿ ಮಾತ್ರ ಮಂಕಾಗುತ್ತದೆ, ಬೇರೆಯದರದ್ದು ಆಗುವುದಿಲ್ಲ. ಆಗ ನಾವು ಮಾಡುವುದು ಎಂತ? ಮಿಡಿ ಉಪ್ಪಿನಕಾಯಿ ನೆಕ್ಕುತ್ತೇವೆ. ನಾಲಗೆ ಎಚ್ಚರಾಗುತ್ತದೆ, ಇನ್ನೊಂದು ಸೌಟು ಹೋಗುತ್ತದೆ. ಆಮೇಲೆ ಚಟ್ನಿ, ಆಮೇಲೆ ಸುಟ್ಟ ಹಪ್ಪಳ. ಪ್ರತಿ ಸಲವೂ ಹೊಟ್ಟೆ ಹೇಳಬೇಕೆಂದಿದ್ದ ಮಾತನ್ನು ನಾಲಗೆ ಮುಂದೂಡಿತು. ಮದುವೆ ಊಟದಲ್ಲಿ ಒಂದಾದ ಮೇಲೆ ಒಂದು ಬರುವಾಗ ಅಷ್ಟೊಂದು ಹೋಗುವುದೂ ಇದಕ್ಕೇ.

ಉಪ್ಪಿನಕಾಯಿ ಬಿಡಿ ಅಂತ ಹೇಳುತ್ತಿಲ್ಲ. ಉಪ್ಪಿನಕಾಯಿಗೆ ಕೈ ಹೋಗುವ ಕ್ಷಣ ಹಿಡಿಯಿರಿ. ಅಲ್ಲಿ ಒಂದು ಉಸಿರು ನಿಂತು ನೋಡಿ: ಹಸಿವಿಗೆ ಬೇಕೋ, ಇಳಿದ ರುಚಿ ಏರಿಸಲು ಬೇಕೋ? ಎರಡನೆಯದಾದರೆ ಅರ್ಧ ಬಟ್ಟಲಿನಲ್ಲಿ ಎರಡು ನಿಮಿಷ ಬರೀ ಕೂತುಕೊಳ್ಳಿ. ಆಮೇಲೂ ಬೇಕೆನಿಸಿದರೆ ಉಣ್ಣಿ, ಏನೂ ತಪ್ಪಿಲ್ಲ.

ಕುಂಬಳೆ ಮಾಷ್ಟ್ರು
ಇದನ್ನೇ ವಾಗ್ಭಟ ಹೇಳಿದ್ದು. ಅಷ್ಟಾಂಗಹೃದಯದಲ್ಲಿ ಹೊಟ್ಟೆಯ ಎರಡು ಪಾಲು ಅನ್ನ, ಒಂದು ಪಾಲು ನೀರು, ನಾಲ್ಕನೆಯದು ವಾಯುವಿಗೆ ಖಾಲಿ. ಇದಕ್ಕೆ ಏನೆನ್ನುತ್ತೀರಿ?

ಚಂಕಮ
ಇದು ಸರಿ ಮಾಷ್ಟ್ರೇ, ಒಪ್ಪಿದೆ. ಪಾಲಿಯಲ್ಲೂ ಬುದ್ಧನ ಶಿಷ್ಯ ಸಾರಿಪುತ್ತನ ಹೆಸರಿನ ಗಾಥೆ ಇದೆ, ಇನ್ನು ನಾಲ್ಕೈದು ತುತ್ತು ಬಾಕಿ ಇರುವಾಗ ನಿಲ್ಲಿಸಿ ನೀರು ಕುಡಿಯಬೇಕು ಅಂತ. ಕೋಸಲದ ರಾಜ ಪಸೇನದಿಯ ಕಥೆಯೂ ಅಲ್ಲೇ ಬರುತ್ತದೆ. ಹೊಟ್ಟೆ ಬಿರಿಯ ಉಂಡು ಏದುಸಿರು ಬಿಡುತ್ತಾ ಬರುತ್ತಾನೆ, ಬುದ್ಧ ಒಂದು ಶ್ಲೋಕ ಹೇಳುತ್ತಾನೆ. ಅದನ್ನು ಊಟದ ಹೊತ್ತಿಗೆ ಹೇಳಲು ರಾಜ ಒಬ್ಬ ಹುಡುಗನನ್ನು ಸಂಬಳಕ್ಕೆ ಇಡುತ್ತಾನೆ. ತಾನೇ ನೆನಪಿಡಬಹುದೆಂದು ಅವನು ನಂಬಲಿಲ್ಲ ನೋಡಿ, ಜಾಣ.

ಉಪ್ಪಳ ಬಸ್ಸು
ಆ ಕೆಲಸಕ್ಕೆ ಈಗ ಖಾಲಿ ಉಂಟಾ? ಅರ್ಜಿ ಹಾಕುವಾ.

ನೀರ್ಚಾಲು ಸಕ್ಕರೆ
ಹೀಗೆ ನಿಧಾನ ಉಂಡರೆ ನನ್ನ ಊಟ ತನ್ನಿಂತಾನೇ ಕಡಿಮೆ ಆಗಬಹುದು. ಮಾತ್ರೆ ಹಾಗೆಯೇ ಮುಂದುವರಿಸಬಹುದಾ?

ಬದಿಯಡ್ಕ ಫಿಸಿಯೋ
ಡಾಕ್ಟರನ್ನು ಕೇಳದೆ ಮಾತ್ರೆ ಬದಲಿಸಬೇಡಿ, ಕೇಳದೆ ಅನ್ನವನ್ನೂ ದೊಡ್ಡ ಪ್ರಮಾಣದಲ್ಲಿ ಇಳಿಸಬೇಡಿ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಮಾಮೂಲಿಗಿಂತ ಕಡಿಮೆ ಉಂಡರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಬೆವರು, ನಡುಕ, ಎದೆ ಡವಡವ ಬಂದರೆ ಅದನ್ನು ಅರಿವಿನಿಂದ ನೋಡುತ್ತಾ ಕೂರಬೇಡಿ, ತಕ್ಷಣ ಸಕ್ಕರೆ ನೀರು ಕುಡಿಯಿರಿ. ಊಟದ ನಂತರದ ಸಕ್ಕರೆ ಇಳಿಯಬೇಕೆಂದರೆ ಮಾಷ್ಟ್ರು ಹೇಳಿದ ಊಟದ ಮೇಲಿನ ನಡಿಗೆ ಒಳ್ಳೆಯದು. ಆದರೆ ಅದು ಹತ್ತು ಹದಿನೈದು ನಿಮಿಷದ ಮಾಮೂಲು ವೇಗದ್ದಾಗಿರಬೇಕು, ಬಸವನ ಹುಳದ ನಡಿಗೆಯಲ್ಲಿ ಸ್ನಾಯು ಅಷ್ಟು ಕೆಲಸ ಮಾಡುವುದಿಲ್ಲ.

ಮುಳ್ಳೇರಿಯಾ ಅಕ್ಕ
ನನ್ನದೊಂದು ತಕರಾರು. ನೀವು ಹೇಳುವ ಊಟದಲ್ಲಿ ಎಲ್ಲರೂ ಕೂತಿದ್ದಾರೆ. ಬಡಿಸುವವರು ಎಲ್ಲಿ? ನಾಲ್ಕು ಜನಕ್ಕೆ ಬಡಿಸಿ, ನಡುವೆ ಹಪ್ಪಳ ತಂದು, ಕೊನೆಗೆ ಒಲೆಯ ಪಕ್ಕ ನಿಂತು ಐದು ನಿಮಿಷದಲ್ಲಿ ಉಣ್ಣುವವರಿಗೆ ಚಮಚ ಕೆಳಗಿಡು ಅನ್ನುವುದು ತಮಾಷೆ.

ಚಂಕಮ
ತಕರಾರು ಸರಿಯೇ ಅಕ್ಕ. ಪೂರ್ತಿ ಊಟ ಹೀಗೆ ಉಣ್ಣುವುದು ಶಿಬಿರದಲ್ಲಿ, ಮನೆಯಲ್ಲಿ ಯಾರಿಗೂ ಆಗುವುದಿಲ್ಲ. ಮೊದಲ ಮೂರು ತುತ್ತು ಮಾತ್ರ ಇಟ್ಟುಕೊಳ್ಳಿ, ಕೂತುಕೊಂಡು. ಉಳಿದದ್ದು ಹೇಗೆ ಹೋದರೂ ಆಯಿತು. ಬಡಿಸುವಾಗ ನಡಿಗೆಯ ಅಭ್ಯಾಸ ನಡೆಯುತ್ತದೆ: ಒಲೆಯಿಂದ ಊಟದ ಕೋಣೆಗೆ ಹತ್ತು ಹೆಜ್ಜೆ, ಬಾಗಿಲ ಹೊಸ್ತಿಲೇ ತಿರುವು. ಹೊಸ್ತಿಲು ದಾಟುವಾಗ ಯಾವ ಕಾಲು ಮುಂದಿತ್ತು ಅಂತ ತಿಳಿದರೆ ಸಾಕು, ನಿಲ್ಲುವುದೂ ಬೇಡ, ನಿಧಾನವೂ ಬೇಡ.

ಮುಳ್ಳೇರಿಯಾ ಅಕ್ಕ
ಹೊಸ್ತಿಲಿನದ್ದು ಆಗಬಹುದು. ಆದರೆ ನನಗೆ ಬೇಕಾದದ್ದು ಇನ್ನೊಬ್ಬರು ಎದ್ದು ಹಪ್ಪಳ ತರುವುದು. ಅದನ್ನೂ ಯಾವುದಾದರೂ ಸುತ್ತದಲ್ಲಿ ಹುಡುಕಿ ಕೊಡಿ.

ಮಂಜೇಶ್ವರ ವಿಚಾರಿ
ಅಕ್ಕನಿಗೆ ನನ್ನ ಮತ. ಮತ್ತೊಂದು ಕೇಳುತ್ತೇನೆ. ಮನೆಯವರೆಲ್ಲ ಸೇರುವುದೇ ರಾತ್ರಿ ಊಟಕ್ಕೆ. ಅಲ್ಲಿ ಒಬ್ಬ ಕಣ್ಣು ತಗ್ಗಿಸಿ ಚಮಚ ಇಟ್ಟು ಎತ್ತಿ ಮಾಡುತ್ತಾ ಮಾತಾಡದೆ ಕೂತರೆ ಉಳಿದವರಿಗೆ ಹೇಗಾಗುತ್ತದೆ? ಅವನ ಅರಿವು, ಮನೆಯವರ ಕಿರಿಕಿರಿ.

ಕುಂಬಳೆ ಮಾಷ್ಟ್ರು
ಮೌನವಾಗಿ ಉಣ್ಣುವುದು ನಮ್ಮ ಪದ್ಧತಿಯೇ ಆಗಿತ್ತು. ಪರಿಷೇಚನೆ ಮಾಡಿ ಕೂತ ಮೇಲೆ ಏಳುವ ತನಕ ಮಾತಿಲ್ಲ. ಮಾತು ಶುರುವಾದದ್ದು ಮೇಜು ಬಂದ ಮೇಲೆ.

ಮಂಜೇಶ್ವರ ವಿಚಾರಿ
ಗಂಡಸರಿಗೆ ಮೌನ, ಹೆಂಗಸರಿಗೆ ಬಡಿಸುವುದು. ಆ ಪದ್ಧತಿಯ ಬೆಲೆ ಅಕ್ಕ ಈಗಷ್ಟೇ ಹೇಳಿದರು.

ಚಂಕಮ
ಮಾತಾಡುವಾಗ ಮಾತಾಡಿ, ಆದರೆ ಬಾಯಿ ಖಾಲಿ ಇರುವಾಗ. ತುತ್ತು ನುಂಗಿದ ಮೇಲಿನ ಜಾಗ ಮಾತಿಗೂ ಸರಿಹೊಂದುತ್ತದೆ. ಇದಕ್ಕಿಂತ ಹೆಚ್ಚು ನಾನು ಒಪ್ಪಿಸಲಾರೆ, ಪೂರ್ಣ ಮೌನವೇ ಬೇಕು ಅನ್ನುವ ಗುರುಗಳೂ ಇದ್ದಾರೆ.

ಮಂಜೇಶ್ವರ ವಿಚಾರಿ
ಅದು ಅರಿವಲ್ಲ, ಸಾಮಾನ್ಯ ಮರ್ಯಾದೆ.

ಹತ್ತುಸಾವಿರ
ನಾನು ವಾಚು ತೆಗೆದೇ ಕೇಳ್ತಾ ಇದ್ದೇನೆ. ಮನೆಯಿಂದ ಬಸ್‌ಸ್ಟಾಪಿಗೆ ಎಂಟು ನಿಮಿಷ ನಡಿಗೆ, ದಾರಿಯಲ್ಲಿ ಬೈಕು, ನಾಯಿ ಎಲ್ಲ ಉಂಟು. ಅಲ್ಲಿ ಇದು ಆಗ್ತದಾ, ಅಲ್ಲ ಅಂಗಳವೇ ಬೇಕಾ?

ಚಂಕಮ
ಆಗ್ತದೆ. ಆದರೆ ಗಮನವನ್ನು ಅಂಗಾಲಿಗೆ ಇಳಿಸಿ ರಸ್ತೆಯಲ್ಲಿ ನಡೆಯಬೇಡಿ, ಬೈಕು ಕಾಣುವುದಿಲ್ಲ. ರಸ್ತೆಯಲ್ಲಿ ಕಣ್ಣು ಕಿವಿ ಪೂರ್ತಿ ತೆರೆದಿರಲಿ, "ಎಡ, ಬಲ" ಹಿನ್ನೆಲೆಯಲ್ಲಿ ನಡೆಯಲಿ. ಎಂಟೂ ನಿಮಿಷ ಬೇಡ. ಗೇಟಿನಿಂದ ಮೊದಲ ವಿದ್ಯುತ್ ಕಂಬದವರೆಗೆ ಅಂತ ಒಂದು ತುಂಡು ಗೊತ್ತುಮಾಡಿ, ದಿನವೂ ಅದೇ ತುಂಡು. ಕಂಬ ದಾಟಿದ ಮೇಲೆ ಬೇಕಾದ್ದು ಯೋಚಿಸಿ. ಯಾವುದಾದರೂ ಯೋಚನೆ ಗಟ್ಟಿಯಾಗಿ ಎಳೆದರೆ ಅಂಗಳದಲ್ಲಾದರೆ ನಿಂತುಬಿಡಬಹುದು, ಯೋಚನೆ ತಣಿದ ಮೇಲೆ ಮುಂದಿನ ಹೆಜ್ಜೆ. ರಸ್ತೆಯಲ್ಲಿ ಹಾಗೆ ನಿಲ್ಲಬೇಡಿ, ಬಸ್ಸು ತಪ್ಪುತ್ತದೆ.

ಉಪ್ಪಳ ಬಸ್ಸು
ನಾನು ನಿಲ್ಲಿಸುತ್ತೇನೆ, ಹೆದರಬೇಡಿ.

ಪೆರ್ಲದವ
ಬಹಳ ಉಪಕಾರ. ಕೊನೆಗೊಂದು ನಮ್ಮ ಊರಿನ ಸಮಸ್ಯೆ. ಮಳೆಗಾಲದಲ್ಲಿ ಅಂಗಳ ಪೂರ್ತಿ ಹಾವಸೆ, ಚಳಿಗಾಲ ಬಂದರೆ ಅಂಗಳ ಪೂರ್ತಿ ಅಡಿಕೆ. ಇಪ್ಪತ್ತು ಹೆಜ್ಜೆ ಎಲ್ಲಿಂದ ತರುವುದು? ಜಗಲಿ ಹನ್ನೆರಡು ಹೆಜ್ಜೆ ಬರುತ್ತದೆ, ಒಂದು ತುದಿಯಲ್ಲಿ ಅಂಗಳಕ್ಕೆ ಇಳಿಯುವ ಮೂರು ಮೆಟ್ಟಿಲು.

ಕುಂಬಳೆ ಮಾಷ್ಟ್ರು
ಅಂಗಳಕ್ಕೆ ಮಡಲು, ಸೋಗೆ ಹಾಸಿದರೆ ಜಾರುವುದಿಲ್ಲ. ನಮ್ಮಲ್ಲೆಲ್ಲ ಜೂನಿನಲ್ಲೇ ಹಾಸುತ್ತಾರೆ. ಅಂದ ಹಾಗೆ ಈ ಸಲ ಅಡಿಕೆಗೆ ಕೊಳೆರೋಗ ಹೇಗೆ ನಿಮ್ಮ ಕಡೆ?

ಚಂಕಮ
ಸೋಗೆ ಓಡಾಡಲು ಸರಿ, ಈ ಅಭ್ಯಾಸಕ್ಕೆ ಬೇಡ. ಹೆಜ್ಜೆ ಇಟ್ಟಲ್ಲೆಲ್ಲ ಅಲುಗಾಡುತ್ತದೆ, ಎಡವುತ್ತದೆ. ಹನ್ನೆರಡು ಹೆಜ್ಜೆಯ ಜಗಲಿ ಸಾಕು. ತಿರುವು ಹೆಚ್ಚು ಬರುತ್ತದೆ, ಆದ್ದರಿಂದ ತುದಿಯ ನಿಲುಗಡೆ ಒಂದೇ ಉಸಿರಿಗೆ ಇಳಿಸಿ.

ಬದಿಯಡ್ಕ ಫಿಸಿಯೋ
ಮೆಟ್ಟಿಲಿರುವ ತುದಿಯಲ್ಲಿ ಕೊನೆಯ ಎರಡು ಹೆಜ್ಜೆ ಬಿಟ್ಟು ಒಳಗೇ ತಿರುಗಿ, ಹತ್ತು ಹೆಜ್ಜೆ ಆದರೂ ಅಡ್ಡಿಯಿಲ್ಲ. ತಿರುಗುವ ಜಾಗಕ್ಕೆ ಬಣ್ಣದ ಟೇಪು ಅಂಟಿಸಿ, ಕುರ್ಚಿ ಅಡ್ಡ ಇಡಬೇಡಿ, ಕತ್ತಲಲ್ಲಿ ಕುರ್ಚಿಯೇ ಕಾಲಿಗೆ ಸಿಗುತ್ತದೆ. ಮಳೆಯ ಎರಚಲು ಬಂದು ಟೈಲ್ಸ್ ಒದ್ದೆಯಾಗಿದ್ದರೆ ಆ ದಿನ ನಿಧಾನ ನಡಿಗೆ ಬೇಡ, ಒಳಗೆ ನಿಂತಲ್ಲೇ ಭಾರವನ್ನು ಎಡಗಾಲಿಂದ ಬಲಗಾಲಿಗೆ ದಾಟಿಸುವುದು ಮಾತ್ರ ಮಾಡಿ. ಮತ್ತೆ ಮಾಷ್ಟ್ರೇ, ಕೊಳೆರೋಗಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನಾನೂ ಬರ್ತೇನೆ.